ಕ್ಯಾಂಪಿನ ಮಂಚದಿಂದ ಔಷಧದ ಸೀಸೆಗೆ: ನೀವು ಕೊಡುವ ಪ್ಲಾಸ್ಮಾ ಹಾಳಾಗದಿರಲು ಏನು ಮಾಡಬೇಕು

ಬೆಂಗಳೂರಿನ ಒಂದು ರಕ್ತನಿಧಿಯ ಕಾಂಪೊನೆಂಟ್ ರೂಮಿನಲ್ಲಿ 14 ವರ್ಷದಿಂದ ಟೆಕ್ನಿಷಿಯನ್ ಆಗಿದ್ದೇನೆ. ದಾನಿಗಳಿಗೆ ಕಾಣುವುದು ಕ್ಯಾಂಪಿನ ಮಂಚ, ಬಿಸ್ಕತ್ತು, ಹಣ್ಣಿನ ರಸ, ಒಂದು ಸರ್ಟಿಫಿಕೇಟ್. ಅದರ ನಂತರದ ಕೆಲಸವೆಲ್ಲ ನಮ್ಮ ರೂಮಿನದು. ಬಂದ ರಕ್ತದ ಬ್ಯಾಗನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಕೆಳಗೆ ಕೂತ ಕೆಂಪು ಕಣಗಳನ್ನೂ ಮೇಲೆ ತೇಲಿದ ಹಳದಿ ಪ್ಲಾಸ್ಮಾವನ್ನೂ ಬೇರೆ ಮಾಡುತ್ತೇವೆ. ಕೆಂಪು ಕಣ ನಗರದ ಆಸ್ಪತ್ರೆಗಳಿಗೆ ಹೋಗುತ್ತದೆ. ಪ್ಲಾಸ್ಮಾದಲ್ಲಿ ಸ್ವಲ್ಪವನ್ನು ಇಲ್ಲಿನ ರೋಗಿಗಳಿಗೇ ಕೊಡುತ್ತೇವೆ, ಮಿಕ್ಕದ್ದು ಫ್ರೀಜರಿನಲ್ಲಿ ಗಡ್ಡೆಗಟ್ಟಿಸಿದ ಸ್ಥಿತಿಯಲ್ಲಿ ಮುಂಬೈ, ಅಹಮದಾಬಾದ್, ಹೈದರಾಬಾದ್ ಕಡೆಯ ಕಾರ್ಖಾನೆಗಳಿಗೆ ಹೋಗಿ ಸೋಂಕು ತಡೆಯುವ ಪ್ರತಿಕಾಯಗಳ ಔಷಧವಾದ ಇಮ್ಯುನೋಗ್ಲಾಬ್ಯುಲಿನ್, ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8, ರಕ್ತನಾಳದಲ್ಲಿ ನೀರು ಹಿಡಿದಿಡುವ ಅಲ್ಬುಮಿನ್ ಆಗುತ್ತದೆ.

ಈ ಮಿಕ್ಕ ಪ್ಲಾಸ್ಮಾದಲ್ಲಿ ಎಷ್ಟು ಔಷಧವಾಗುತ್ತದೆ, ಎಷ್ಟು ಕಸದ ಬುಟ್ಟಿಗೆ ಬೀಳುತ್ತದೆ ಎನ್ನುವುದರಲ್ಲಿ ದಾನಿಯ ಕೈಯೂ ಇದೆ, ಕ್ಯಾಂಪ್ ನಡೆಸುವವರ ಕೈಯೂ ಇದೆ. ಆದರೆ ಯಾರೂ ಅವರಿಗೆ ಇದನ್ನು ಬಿಡಿಸಿ ಹೇಳಿರುವುದಿಲ್ಲ. ಅದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು: ಯಾವ ದಾನ?

ಕೋವಿಡ್ ಕಾಲದಿಂದ "ಪ್ಲಾಸ್ಮಾ ದಾನ" ಎಂದರೆ ಮಷೀನಿಗೆ ಕೈ ಕೊಟ್ಟು ಮಲಗುವುದು ಎಂದು ಜನರ ಮನಸ್ಸಿನಲ್ಲಿ ಕೂತಿದೆ. ಅದು ಅಫೆರೆಸಿಸ್. ಮಷೀನು ನಿಮ್ಮ ರಕ್ತದಿಂದ ಪ್ಲಾಸ್ಮಾ ಮಾತ್ರ ತೆಗೆದುಕೊಂಡು ಕೆಂಪು ಕಣಗಳನ್ನು ವಾಪಸ್ ನಿಮ್ಮ ಮೈಗೇ ಬಿಡುತ್ತದೆ. ಅಮೆರಿಕದಲ್ಲಿ ಕಾರ್ಖಾನೆಗೆ ಹೋಗುವ ಪ್ಲಾಸ್ಮಾ ಬಹುಪಾಲು ಹೀಗೆ ಬರುವಂಥದ್ದು, ಅದೂ ದುಡ್ಡು ಪಡೆದು ಕೊಡುವ ದಾನಿಗಳಿಂದ. ನಮ್ಮಲ್ಲಿ ಹಾಗಿಲ್ಲ. 1996ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 1998ರ ಜನವರಿ 1ರಿಂದ ರಕ್ತಕ್ಕೆ ದುಡ್ಡು ಪಡೆಯುವುದು ಇಡೀ ದೇಶದಲ್ಲಿ ನಿಷಿದ್ಧ. "ಪ್ಲಾಸ್ಮಾ ಕೊಟ್ಟರೆ ಇಷ್ಟು ರೂಪಾಯಿ" ಎಂದು ವಾಟ್ಸ್ಯಾಪಿನಲ್ಲಿ ಸಂದೇಶ ಬಂದರೆ ಆ ಕಡೆ ತಲೆ ಹಾಕಬೇಡಿ.

ಬೆಂಗಳೂರಿನಲ್ಲಿ ಔಷಧಕ್ಕೆ ಹೋಗುವ ಪ್ಲಾಸ್ಮಾ ಹೆಚ್ಚಾಗಿ ಬರುವುದು ಮಾಮೂಲಿ ರಕ್ತದಾನದಿಂದಲೇ. ಹಾಗಾಗಿ ನೀವು ಬೇರೆ ಜಾಗ ಹುಡುಕಬೇಕಿಲ್ಲ. ಒಂದನ್ನು ಮಾತ್ರ ಫೋನು ಮಾಡಿ ಕೇಳಿಕೊಳ್ಳಿ: "ನಿಮ್ಮಲ್ಲಿ ಕಾಂಪೊನೆಂಟ್ ಸೆಪರೇಶನ್ ಇದೆಯಾ? ಕ್ಯಾಂಪಿನ ರಕ್ತವನ್ನೂ ಬೇರ್ಪಡಿಸುತ್ತೀರಾ?" ಇಲ್ಲ ಎಂದರೆ ನಿಮ್ಮ ರಕ್ತ ಇಡಿಯಾಗಿ ಒಬ್ಬರಿಗೇ ಹೋಗುತ್ತದೆ, ಅದರೊಳಗಿನ ಪ್ಲಾಸ್ಮಾ ಔಷಧದ ದಾರಿಗೆ ಬರುವುದಿಲ್ಲ.

ತೂಕ 45 ಕಿಲೋ ಇದ್ದರೆ 350 ಮಿಲಿ ತೆಗೆಯುತ್ತಾರೆ, 55 ದಾಟಿದ್ದರೆ 450 ಮಿಲಿ ತೆಗೆಯಬಹುದು. ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಒಂದು ಬ್ಯಾಗಿನಿಂದ ನಮಗೆ ಸಿಗುವ ಪ್ಲಾಸ್ಮಾ ಸರಾಸರಿ 200 ಮಿಲಿ ಎಂದು ಇಟ್ಟುಕೊಳ್ಳಿ, ಒಂದು ಟೀ ಲೋಟ ತುಂಬಿದರೆ ಹೆಚ್ಚು. ಐದು ದಾನಿ ಸೇರಿದರೆ ಒಂದು ಲೀಟರು. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಹಿಂದಿನ ರಾತ್ರಿ ಮತ್ತು ಬೆಳಗಿನ ತಿಂಡಿ

ಒಂದು ಭಾನುವಾರ ಬಸವನಗುಡಿ ಕಡೆಯ ಕ್ಯಾಂಪಿನಿಂದ ಬಂದ ಬ್ಯಾಗುಗಳನ್ನು ತಿರುಗಿಸಿ ತೆಗೆದಾಗ ಸಾಲಾಗಿ ನಾಲ್ಕು ಬ್ಯಾಗಿನ ಮೇಲ್ಭಾಗ ಹಳದಿ ಇರುವ ಬದಲು ಮಜ್ಜಿಗೆಯಂತೆ ಬೆಳ್ಳಗಿತ್ತು. ಹಿಂದಿದ್ದ ಟ್ಯೂಬ್‌ಲೈಟೂ ಕಾಣದಷ್ಟು ಮಂದ. ಆ ನಾಲ್ವರೂ ಒಂದೇ ಗೆಳೆಯರ ಗುಂಪಿನವರು, ಬೆಳಿಗ್ಗೆ ಬೆಣ್ಣೆ ಮಸಾಲೆ ದೋಸೆ ತಿಂದು ನೇರ ಕ್ಯಾಂಪಿಗೆ ಬಂದಿದ್ದರು ಎಂದು ಆಮೇಲೆ ಗೊತ್ತಾಯಿತು. ಊಟದ ಕೊಬ್ಬು ಕೆಲವು ಗಂಟೆಗಳ ಕಾಲ ಸಣ್ಣ ಸಣ್ಣ ಹನಿಗಳಾಗಿ ರಕ್ತದಲ್ಲೇ ತೇಲುತ್ತಿರುತ್ತದೆ. ಅಂಥ ಪ್ಲಾಸ್ಮಾಕ್ಕೆ ಲೈಪೀಮಿಕ್ ಎನ್ನುತ್ತೇವೆ. ಬೆಳಕು ಹಾಯಿಸಿ ಮಾಡುವ ಪರೀಕ್ಷೆಗಳು ಅದರಲ್ಲಿ ದಾರಿ ತಪ್ಪುತ್ತವೆ, ಕಾರ್ಖಾನೆಯ ಫಿಲ್ಟರುಗಳು ಕಟ್ಟಿಕೊಳ್ಳುತ್ತವೆ. ಅವರ ಕೆಂಪು ಕಣ ಉಪಯೋಗಕ್ಕೆ ಬಂತು, ನಾಲ್ಕೂ ಪ್ಲಾಸ್ಮಾವನ್ನು ಬಿಸಾಡಿದೆವು.

ಹಾಗೆಂದು ಹೊಟ್ಟೆ ಖಾಲಿ ಬಿಟ್ಟು ಬರಬೇಡಿ, ಅದು ತಲೆಸುತ್ತಿಗೆ ದಾರಿ. ದಾನಕ್ಕೆ ಎರಡು ಮೂರು ಗಂಟೆ ಮುಂಚೆ ಇಡ್ಲಿ, ರಾಗಿ ಅಂಬಲಿ, ಬಾಳೆಹಣ್ಣು, ತುಪ್ಪ ಕಡಿಮೆ ಹಾಕಿದ ಉಪ್ಪಿಟ್ಟು, ಇವುಗಳಲ್ಲಿ ಏನಾದರೂ ತಿನ್ನಿ. ಹಿಂದಿನ ರಾತ್ರಿ ಬಿರಿಯಾನಿ, ಬೆಳಿಗ್ಗೆ ಪೂರಿ, ವಡೆ ಬೇಡ. ನೀರು ಮಾತ್ರ ಧಾರಾಳವಾಗಿ ಕುಡಿಯಿರಿ, ಕ್ಯಾಂಪಿಗೆ ಬಂದ ಮೇಲೂ ಎರಡು ಲೋಟ. ಪ್ಲಾಸ್ಮಾದಲ್ಲಿ ನೂರಕ್ಕೆ ತೊಂಬತ್ತು ಭಾಗ ನೀರೇ. ಮೈಯಲ್ಲಿ ನೀರಿದ್ದರೆ ನರ ತುಂಬಿಕೊಂಡು ನಿಲ್ಲುತ್ತದೆ, ರಕ್ತ ಸರಾಗವಾಗಿ ಹರಿಯುತ್ತದೆ. ಅದು ಏಕೆ ಮುಖ್ಯ ಎಂದು ಮುಂದೆ ನೋಡೋಣ.

ಫಾರಂ ತುಂಬುವಾಗ

ಕ್ಯಾಂಪಿನಲ್ಲಿ ಅವಸರದಿಂದ ಟಿಕ್ ಹಾಕಿ ಮುಗಿಸುವ ಪ್ರಶ್ನೆಗಳು ಇವು: ಕಳೆದ 12 ತಿಂಗಳಲ್ಲಿ ಹಚ್ಚೆ ಹಾಕಿಸಿದ್ದೀರಾ, ಮಲೇರಿಯಾ ಬಂದಿತ್ತಾ, ಕಾಮಾಲೆ ಆಗಿತ್ತಾ, ಹೊಸ ಸಂಗಾತಿ ಇದ್ದಾರಾ. ಬೆಂಗಳೂರಿನ ಮಳೆಗಾಲದಲ್ಲಿ ಡೆಂಗಿಯ ಪ್ರಶ್ನೆಯನ್ನೂ ಗಟ್ಟಿಯಾಗಿ ಕೇಳುತ್ತೇವೆ. ಡೆಂಗಿಯಿಂದ ಪೂರ್ತಿ ಗುಣವಾಗಿ 6 ತಿಂಗಳು ಕಳೆಯಬೇಕು.

ಪ್ರತಿ ಬ್ಯಾಗಿಗೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಮಾಡುತ್ತೇವಲ್ಲ, ಹಾಗಿದ್ದರೆ ಪ್ರಶ್ನೆ ಯಾಕೆ ಎಂದು ಕೇಳುತ್ತಾರೆ. ಸೋಂಕು ತಗುಲಿದ ಮೊದಲ ಕೆಲವು ದಿನ ಅಥವಾ ವಾರ ಯಾವ ಪರೀಕ್ಷೆಗೂ ಅದು ಸಿಕ್ಕುವುದಿಲ್ಲ. ಆ ಕಿಂಡಿಯನ್ನು ಮುಚ್ಚುವುದು ನಿಮ್ಮ ಉತ್ತರ ಒಂದೇ. ಕೆಂಪು ಕಣದ ಬ್ಯಾಗಿನಲ್ಲಿ ತಪ್ಪಾದರೆ ಒಬ್ಬ ರೋಗಿಗೆ ತೊಂದರೆ. ಪ್ಲಾಸ್ಮಾವನ್ನು ಸಾವಿರಾರು ಬ್ಯಾಗಿನ ಜೊತೆ ಒಂದೇ ತೊಟ್ಟಿಗೆ ಸುರಿಯುತ್ತಾರೆ. 1980ರ ದಶಕದಲ್ಲಿ ಹೊರದೇಶಗಳಲ್ಲಿ ಫ್ಯಾಕ್ಟರ್ 8 ಪಡೆದ, ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯಾ ಅಂದರೆ ಕುಸುಮರೋಗ ಇದ್ದ ಸಾವಿರಾರು ಜನರಿಗೆ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ತಗುಲಿದ್ದು ಹೀಗೆಯೇ. ಸಹೋದ್ಯೋಗಿಗಳ ಎದುರು ಹೇಳಲು ಸಂಕೋಚ ಎನ್ನಿಸಿದರೆ ಡಾಕ್ಟರನ್ನು ಪಕ್ಕಕ್ಕೆ ಕರೆದು "ನನ್ನ ಬ್ಯಾಗ್ ಬಳಸಬೇಡಿ" ಎನ್ನಿ, ಸಾಕು. ಕಾರಣ ಕೇಳಿ ಪೀಡಿಸುವುದಿಲ್ಲ.

ಮಂಚದ ಮೇಲೆ: 15 ನಿಮಿಷ

450 ಮಿಲಿ ತುಂಬಲು ಸಾಮಾನ್ಯವಾಗಿ 6ರಿಂದ 10 ನಿಮಿಷ ಸಾಕು. ರಕ್ತ ನಿಧಾನವಾಗಿ ತೊಟ್ಟಿಕ್ಕುತ್ತಾ 15 ನಿಮಿಷ ದಾಟಿತೆಂದರೆ ನಳಿಕೆಯೊಳಗೆ ಹೆಪ್ಪುಗಟ್ಟುವ ಕ್ರಿಯೆ ಮೆಲ್ಲಗೆ ಶುರುವಾಗಿರುತ್ತದೆ. ಕಣ್ಣಿಗೆ ಹೆಪ್ಪು ಕಾಣದಿದ್ದರೂ ಹೆಪ್ಪುಗಟ್ಟಿಸುವ ಅಂಶಗಳು ಅಲ್ಲೇ ಖರ್ಚಾಗಿರುತ್ತವೆ. ಅಂಥ ಪ್ಲಾಸ್ಮಾದಿಂದ ಫ್ಯಾಕ್ಟರ್ 8 ತೆಗೆಯಲು ಬರುವುದಿಲ್ಲ.

ಹಾಗಾಗಿ ಕೈಗೆ ಕೊಟ್ಟ ಚೆಂಡನ್ನು ಐದು ಸೆಕೆಂಡಿಗೊಮ್ಮೆ ಒತ್ತಿ ಬಿಡಿ, ಫೋನು ಹಿಡಿಯಲು ಇನ್ನೊಂದು ಕೈ ಇದೆ. ಬ್ಯಾಗ್ ಕೆಳಗೆ ತೂಗುವ ಪುಟ್ಟ ಮಷೀನಿನ ಮೇಲೆ ಅಲುಗಾಡುತ್ತಿರಬೇಕು. ಬ್ಯಾಗಿನೊಳಗಿನ ಸಿಟ್ರೇಟ್ ದ್ರಾವಣ ರಕ್ತದ ಜೊತೆ ಬೆರೆಯುತ್ತಾ ಹೋದರೇನೇ ಹೆಪ್ಪು ತಡೆಯುತ್ತದೆ. ಅದು ಅಲುಗಾಡದೆ ನಿಂತಿದ್ದರೆ "ಸಿಸ್ಟರ್, ಇದು ನಿಂತುಬಿಟ್ಟಿದೆ" ಎಂದು ಹೇಳಿ. ನಲವತ್ತು ಮಂಚದ ಕ್ಯಾಂಪಿನಲ್ಲಿ ಒಮ್ಮೊಮ್ಮೆ ನಮ್ಮವರ ಕಣ್ಣು ತಪ್ಪುತ್ತದೆ.

ಕ್ಯಾಂಪ್ ನಡೆಸುವವರಿಗೆ: ಗಡಿಯಾರ ನೋಡಿ

ಪ್ಲಾಸ್ಮಾದಲ್ಲಿರುವ ಪ್ರೋಟೀನುಗಳಲ್ಲಿ ಅತಿ ಬೇಗ ಕೆಡುವುದು ಫ್ಯಾಕ್ಟರ್ 8. ದಾನಿಯ ಕೈಯಿಂದ ಸೂಜಿ ತೆಗೆದ ಗಳಿಗೆಯಿಂದಲೇ ಅದು ಕರಗುತ್ತಾ ಬರುತ್ತದೆ. ಅದನ್ನು ಉಳಿಸಬೇಕಾದರೆ ಬೇರ್ಪಡಿಸಿದ ಪ್ಲಾಸ್ಮಾ 6 ಗಂಟೆಯೊಳಗೆ ಫ್ರೀಜರಿನಲ್ಲಿ ಗಡ್ಡೆಗಟ್ಟಿರಬೇಕು. 6 ಗಂಟೆ ಎಂದರೆ ಬಹಳ ಅನ್ನಿಸುತ್ತದೆ, ಆದರೆ ಲೆಕ್ಕ ಹಾಕಿ ನೋಡಿ.

ಒಂದು ಶುಕ್ರವಾರ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕ್ಯಾಂಪ್. ಮೊದಲ ಬ್ಯಾಗ್ 10:20ಕ್ಕೆ ತುಂಬಿತು. ಊಟದ ನಂತರವೂ ದಾನಿಗಳು ಬರುತ್ತಾರೆಂದು ಆಯೋಜಕರು ಗಾಡಿಯನ್ನು ಅಲ್ಲೇ ನಿಲ್ಲಿಸಿಕೊಂಡರು. 2:30ಕ್ಕೆ ಹೊರಟ ಗಾಡಿ ಮಳೆಯಲ್ಲಿ ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಕೊಂಡು ನಮ್ಮ ಬಾಗಿಲಿಗೆ ಬಂದಾಗ 4:35. ಸೆಂಟ್ರಿಫ್ಯೂಜ್ ಒಂದು ಸುತ್ತಿಗೆ ತೆಗೆದುಕೊಳ್ಳುವ ಸಮಯ, ಹಿಂಡಿ ಬೇರ್ಪಡಿಸುವ ಸಮಯ, ಫ್ರೀಜರಿನಲ್ಲಿ ಒಳತನಕ ಗಟ್ಟಿಯಾಗುವ ಸಮಯ ಎಲ್ಲ ಸೇರಿಸಿದರೆ ಬೆಳಗಿನ 38 ಬ್ಯಾಗುಗಳ ಗಡುವು ಮುಗಿದೇ ಹೋಗಿತ್ತು.

ಆ 38 ಬ್ಯಾಗಿನ ಪ್ಲಾಸ್ಮಾ ಪೂರ್ತಿ ವ್ಯರ್ಥವಾಗಲಿಲ್ಲ. ಇಮ್ಯುನೋಗ್ಲಾಬ್ಯುಲಿನ್, ಅಲ್ಬುಮಿನ್ ಎರಡೂ ಗಟ್ಟಿ ಜೀವದ ಪ್ರೋಟೀನುಗಳು, ತಡವಾಗಿ ಗಡ್ಡೆಗಟ್ಟಿಸಿದ ಪ್ಲಾಸ್ಮಾದಲ್ಲೂ ಉಳಿದಿರುತ್ತವೆ. ಬೇರೆ ಲೇಬಲ್ ಹಚ್ಚಿ ಆ ಕೆಲಸಕ್ಕೆ ಕಳಿಸಿದೆವು. ಹೋದದ್ದು ಫ್ಯಾಕ್ಟರ್ 8 ಮಾತ್ರ.

ಅಂದಿನಿಂದ ಆಯೋಜಕರಿಗೆ ನಾನು ಹೇಳುವುದು ಇಷ್ಟೇ. ಎರಡು ಟ್ರಿಪ್ ಮಾಡಿ. ಮಧ್ಯಾಹ್ನ 12:30ಕ್ಕೆ ಮೊದಲ ಗಾಡಿ ಬಿಡಲಿ, ಅರ್ಧ ಖಾಲಿಯಿದ್ದರೂ ಸರಿ. ಸಂಜೆಯ ಕ್ಯಾಂಪಿಗಿಂತ ಬೆಳಿಗ್ಗೆ 9ರ ಕ್ಯಾಂಪ್ ಒಳ್ಳೆಯದು. ಒಂದೇ ಗಾಡಿ ಸಿಗುವುದಾದರೆ ಮಧ್ಯಾಹ್ನ 1ಕ್ಕೆ ಕ್ಯಾಂಪ್ ಮುಗಿಸಿ.

ನಮ್ಮ ರೂಮಿನಲ್ಲಿ ನಾವು ನೋಡುವುದು

ತಿರುಗಿಸಿದ ಬ್ಯಾಗನ್ನು ಎರಡು ಹಲಗೆಯ ಮಧ್ಯೆ ಸಿಕ್ಕಿಸಿ ಹಿಂಡಿದಾಗ ಪ್ಲಾಸ್ಮಾ ಮೇಲಿನ ನಳಿಕೆಯಿಂದ ಪಕ್ಕದ ಬ್ಯಾಗಿಗೆ ಏರುತ್ತದೆ. ಕೆಂಪು ಗೆರೆ ನಳಿಕೆಯ ಬಾಯಿಗೆ ಬರುವುದಕ್ಕೆ ಒಂದು ಕ್ಷಣ ಮುಂಚೆ ಕ್ಲ್ಯಾಂಪ್ ಹಾಕಬೇಕು. ಹೊಸಬರು ಒಂದು ಹನಿ ಆಸೆಗೆ ಬಿದ್ದು ಕೆಂಪು ಕಣ ಒಳಗೆ ಬಿಡುತ್ತಾರೆ.

ಆಮೇಲೆ ಬಣ್ಣ. ಹುಲ್ಲಿನ ಹಳದಿ ಇದ್ದರೆ ಸರಿ. ಗುಲಾಬಿ ಅಥವಾ ಕೆಂಪು ಛಾಯೆ ಇದ್ದರೆ ಕಣ ಒಡೆದಿದೆ ಎಂದು ಬದಿಗಿಡುತ್ತೇವೆ. ಗಾಢ ಅರಿಶಿನದ ಬಣ್ಣವಿದ್ದರೆ ಕಾಮಾಲೆಯ ಅನುಮಾನ, ದಾನಿಯನ್ನು ಕರೆದು ಲಿವರ್ ಪರೀಕ್ಷೆ ಮಾಡಿಸಲು ಹೇಳುತ್ತೇವೆ. ಒಮ್ಮೊಮ್ಮೆ ತಿಳಿ ಹಸಿರು ಬಣ್ಣವೂ ಬರುತ್ತದೆ. ಹೊಸ ಟೆಕ್ನಿಷಿಯನ್ ಅದನ್ನು ನೋಡಿ ಗಾಬರಿಯಾಗುತ್ತಾರೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಂಗಸರಲ್ಲಿ ತಾಮ್ರ ಹೊರುವ ಒಂದು ಪ್ರೋಟೀನು ಹೆಚ್ಚಾಗುವುದರಿಂದ ಹಾಗಾಗುತ್ತದೆ, ಅದರಲ್ಲಿ ದೋಷವಿಲ್ಲ.

ಮೈನಸ್ 30 ಡಿಗ್ರಿಗಿಂತ ಕೆಳಗೆ ಇಡುವ ಮುಂಚೆ ಬ್ಯಾಗಿನ ನಡುವಿಗೆ ಒಂದು ರಬ್ಬರ್ ಬ್ಯಾಂಡ್ ಹಾಕುತ್ತೇವೆ. ಗಡ್ಡೆಗಟ್ಟಿದ ಮೇಲೆ ಬ್ಯಾಂಡ್ ತೆಗೆದರೆ ಬ್ಯಾಗಿಗೆ ಸೊಂಟ ಮೂಡಿರುತ್ತದೆ. ಮುಂದೆ ಎಲ್ಲಾದರೂ ಕರೆಂಟು ಹೋಗಿಯೋ, ಗಾಡಿಯಲ್ಲಿ ಡ್ರೈ ಐಸ್ ಮುಗಿದೋ ಅದು ಕರಗಿ ಮತ್ತೆ ಗಟ್ಟಿಯಾದರೆ ಸೊಂಟ ಮಾಯವಾಗಿರುತ್ತದೆ. ತಾಪಮಾನದ ಚೀಟಿಯಲ್ಲಿ ಏನೇ ಬರೆದಿರಲಿ, ಸೊಂಟವಿಲ್ಲದ ಬ್ಯಾಗನ್ನು ನಾನು ನಂಬುವುದಿಲ್ಲ. ಆ ಚಳಿಯಲ್ಲಿ ಪ್ಲಾಸ್ಟಿಕ್ಕು ಗಾಜಿನಂತೆ ಬಿರುಸಾಗಿರುತ್ತದೆ. ಪೆಟ್ಟಿಗೆಯನ್ನು ಧೊಪ್ಪೆಂದು ಇಟ್ಟರೆ ಕೂದಲೆಳೆಯಷ್ಟು ಬಿರುಕು ಬಿಟ್ಟು, ಕರಗಿಸುವಾಗಲೇ ಸೋರುವುದು ಗೊತ್ತಾಗುತ್ತದೆ.

ದಾನಿಗಳು ಕೇಳುವ ಇನ್ನೊಂದು ಪ್ರಶ್ನೆಗೆ ನೇರವಾಗಿ ಉತ್ತರಿಸಿಬಿಡುತ್ತೇನೆ: "ಮೇಡಂ, ನಮ್ಮ ರಕ್ತ ಮಾರುತ್ತೀರಾ?" ಹೆಚ್ಚುವರಿ ಪ್ಲಾಸ್ಮಾವನ್ನು ಕಾರ್ಖಾನೆಗೆ ಕೊಡುವಾಗ ವಿನಿಮಯ ಮೌಲ್ಯ ಪಡೆಯುತ್ತೇವೆ. ರಾಷ್ಟ್ರೀಯ ಮಟ್ಟದಲ್ಲಿ 2014ರಲ್ಲಿ ಅದನ್ನು ಲೀಟರಿಗೆ 1600 ರೂಪಾಯಿ ಎಂದು ಗೊತ್ತು ಮಾಡಿದ್ದರು. ದುಡ್ಡಿನ ಬದಲು ಅಲ್ಬುಮಿನ್, ಇಮ್ಯುನೋಗ್ಲಾಬ್ಯುಲಿನ್, ಬ್ಯಾಗು, ಪರೀಕ್ಷಾ ಕಿಟ್ಟುಗಳನ್ನು ಪಡೆಯುವ ಕ್ರಮವೂ ಇದೆ. ಹೀಗೆ ಬಂದದ್ದು ಎಲ್ಲಿ ಖರ್ಚಾಗುತ್ತದೆ ಎಂದು ನಿಮ್ಮ ರಕ್ತನಿಧಿಯನ್ನು ಕೇಳುವ ಹಕ್ಕು ನಿಮಗಿದೆ, ಕೇಳಿ.

ಕಾರ್ಖಾನೆಯಲ್ಲಿ: ಮೊದಲು ತಣ್ಣಗೆ ಕರಗಿಸುವುದು

ಸಾವಿರಾರು ಬ್ಯಾಗುಗಳ ಪ್ಲಾಸ್ಟಿಕ್ ಸುಲಿದು, ಗಡ್ಡೆಗಳನ್ನು ದೊಡ್ಡ ಸ್ಟೀಲ್ ತೊಟ್ಟಿಗೆ ಹಾಕುತ್ತಾರೆ. ಇಮ್ಯುನೋಗ್ಲಾಬ್ಯುಲಿನ್ ಮಾಡಬೇಕಾದರೆ ಆ ತೊಟ್ಟಿಯಲ್ಲಿ ಕಡಿಮೆಯೆಂದರೂ 1000 ದಾನಿಗಳ ಪ್ಲಾಸ್ಮಾ ಇರಬೇಕು. ಒಬ್ಬರ ಮೈ ಒಂದು ಬಗೆಯ ರೋಗಾಣು ಕಂಡಿರುತ್ತದೆ, ಇನ್ನೊಬ್ಬರದು ಮತ್ತೊಂದು. ಎಲ್ಲರ ಪ್ರತಿಕಾಯಗಳೂ ಸೇರಿದರೇನೇ ಸೀಸೆಯಲ್ಲಿ ವೈವಿಧ್ಯ ಬರುವುದು. ಈ ಕಾರಣಕ್ಕೇ ಇಮ್ಯುನೋಗ್ಲಾಬ್ಯುಲಿನ್ನಿಗೆ ಇವತ್ತಿಗೂ ಮನುಷ್ಯರ ಪ್ಲಾಸ್ಮಾವೇ ಬೇಕು. ಫ್ಯಾಕ್ಟರ್ 8 ಅನ್ನು ಜೀವಕೋಶಗಳಲ್ಲಿ ಬೆಳೆಸಿ ತಯಾರಿಸಬಹುದು, ಅದು ಒಂದೇ ಪ್ರೋಟೀನು. ಲಕ್ಷಾಂತರ ಬಗೆಯ ಪ್ರತಿಕಾಯಗಳ ಮಿಶ್ರಣವನ್ನು ಹಾಗೆ ಬೆಳೆಸಲು ಬರುವುದಿಲ್ಲ.

ತೊಟ್ಟಿಯನ್ನು ಬಿಸಿ ಮಾಡುವುದಿಲ್ಲ. 1ರಿಂದ 4 ಡಿಗ್ರಿಯಲ್ಲೇ, ಐಸ್ ಗೋಲಾದಷ್ಟು ತಣ್ಣಗೆ, ನಿಧಾನವಾಗಿ ಕರಗಿಸುತ್ತಾರೆ. ಆಗ ಎಲ್ಲ ಕರಗಿದರೂ ಸ್ವಲ್ಪ ಭಾಗ ಮಾತ್ರ ಒಡೆದ ಹಾಲಿನ ಎಳೆಗಳಂತೆ ಬೆಳ್ಳಗೆ ಉಳಿಯುತ್ತದೆ. ಅದೇ ಕ್ರಯೋಪ್ರೆಸಿಪಿಟೇಟ್. ಅದರಲ್ಲಿ ಫ್ಯಾಕ್ಟರ್ 8, ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್, ಫೈಬ್ರಿನೋಜನ್ ಇರುತ್ತವೆ. 1960ರ ದಶಕದ ಮಧ್ಯದಲ್ಲಿ ಅಮೆರಿಕದ ಜುಡಿತ್ ಪೂಲ್ ಈ ಎಳೆಗಳಲ್ಲಿ ಫ್ಯಾಕ್ಟರ್ 8 ಇದೆಯೆಂದು ತೋರಿಸಿದರು. ಮುಂಚೆ ಕುಸುಮರೋಗದ ಮಗುವಿಗೆ ಬಾಟಲಿಗಟ್ಟಲೆ ಪ್ಲಾಸ್ಮಾ ಹರಿಸುತ್ತಿದ್ದರು, ಹೃದಯಕ್ಕೆ ಅಷ್ಟು ನೀರು ತಡೆಯುತ್ತಿರಲಿಲ್ಲ.

ಎಳೆಗಳನ್ನು ತೆಗೆದ ಮೇಲೆ ಉಳಿದ ದ್ರವವನ್ನು ವಿದ್ಯುತ್ ಆವೇಶವಿರುವ ಸಣ್ಣ ರಾಳದ ಮಣಿಗಳ ಜೊತೆ ಬೆರೆಸುತ್ತಾರೆ. ಫ್ಯಾಕ್ಟರ್ 9 ಮತ್ತು ಅದರ ಬಳಗ ಮಣಿಗೆ ಅಂಟಿಕೊಳ್ಳುತ್ತವೆ. ಅವುಗಳನ್ನು ಉಪ್ಪುನೀರಿನಲ್ಲಿ ತೊಳೆದು ಬಿಡಿಸಿಕೊಳ್ಳುತ್ತಾರೆ. ಈಗ ಉಳಿದ ದ್ರವದಲ್ಲಿ ಇಮ್ಯುನೋಗ್ಲಾಬ್ಯುಲಿನ್, ಅಲ್ಬುಮಿನ್.

ನಂತರ ಆಲ್ಕೋಹಾಲ್

ಎರಡನೇ ಮಹಾಯುದ್ಧದ ಕಾಲದಲ್ಲಿ ಹಾರ್ವರ್ಡಿನ ಎಡ್ವಿನ್ ಕೋನ್ ರೂಪಿಸಿದ ವಿಧಾನ ಇಂದಿಗೂ ಬಹುಪಾಲು ಕಾರ್ಖಾನೆಗಳ ಬೆನ್ನೆಲುಬು. ತಣ್ಣನೆಯ ಪ್ಲಾಸ್ಮಾಕ್ಕೆ ಇಥೈಲ್ ಆಲ್ಕೋಹಾಲನ್ನು ಹಂತ ಹಂತವಾಗಿ ಸೇರಿಸುತ್ತಾ, ಆಮ್ಲೀಯತೆಯನ್ನೂ ಬದಲಿಸುತ್ತಾ ಹೋಗುತ್ತಾರೆ. ಶೇಕಡ 8ರಲ್ಲಿ ಉಳಿದಿದ್ದ ಫೈಬ್ರಿನೋಜನ್ ಕೆಳಗಿಳಿಯುತ್ತದೆ. ಸುಮಾರು 25ಕ್ಕೆ ಬಂದಾಗ ಇಮ್ಯುನೋಗ್ಲಾಬ್ಯುಲಿನ್ ಗಸಿಯಾಗಿ ಕೂರುತ್ತದೆ. 40ಕ್ಕೆ ಏರಿಸಿ ಹುಳಿ ಹೆಚ್ಚಿಸಿದಾಗ ಕೊನೆಯಲ್ಲಿ ಅಲ್ಬುಮಿನ್ ಇಳಿಯುತ್ತದೆ. ಇದೆಲ್ಲ ಮೈನಸ್ 3ರಿಂದ ಮೈನಸ್ 5 ಡಿಗ್ರಿ ಚಳಿಯಲ್ಲೇ ಆಗಬೇಕು. ಬೆಚ್ಚಗಾದರೆ ಅದೇ ಆಲ್ಕೋಹಾಲ್ ಪ್ರೋಟೀನನ್ನು ಬೇಯಿಸಿದ ಮೊಟ್ಟೆಯ ಬಿಳಿಯಂತೆ ಮಾಡಿಬಿಡುತ್ತದೆ.

ಇಮ್ಯುನೋಗ್ಲಾಬ್ಯುಲಿನ್ ಗಸಿಯನ್ನು ಮತ್ತೆ ಕರಗಿಸಿ ಶುದ್ಧ ಮಾಡುವಾಗಿನ ದೊಡ್ಡ ತಲೆನೋವು, ಅಣುಗಳು ಒಂದಕ್ಕೊಂದು ಅಂಟಿ ಗುಂಪಾಗುವುದು. ಗುಂಪಾದದ್ದು ರಕ್ತನಾಳಕ್ಕೆ ಹೋದರೆ ಮೈ ಅದನ್ನು ಸೋಂಕೆಂದೇ ತಿಳಿದು ಎದ್ದು ನಿಲ್ಲುತ್ತದೆ: ನಡುಕ, ಬಿಪಿ ಕುಸಿತ. ಅದಕ್ಕೇ ಮೊದಮೊದಲು ಅದನ್ನು ಸೊಂಟದ ಮಾಂಸಖಂಡಕ್ಕೆ ಮಾತ್ರ ಚುಚ್ಚುತ್ತಿದ್ದರು. ನಾಳಕ್ಕೆ ಕೊಡಬಹುದಾದ ಐವಿಐಜಿ ಬಳಕೆ ಹರಡಿದ್ದು 1980ರ ದಶಕದಲ್ಲಿ.

ವೈರಸ್ ಕೊಲ್ಲುವ ಹಂತ, ಅದರ ಮಿತಿ

ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಮೂರಕ್ಕೂ ಹೊರಗೆ ಕೊಬ್ಬಿನ ಹೊದಿಕೆ ಇದೆ. ಜಿಡ್ಡಿನ ಪಾತ್ರೆಗೆ ಸೋಪು ಹಾಕಿದಂತೆ, ಒಂದು ದ್ರಾವಕವನ್ನೂ ಒಂದು ಡಿಟರ್ಜೆಂಟನ್ನೂ ಬೆರೆಸಿ ಕೆಲವು ಗಂಟೆ ಬಿಟ್ಟರೆ ಆ ಹೊದಿಕೆ ಕರಗಿ ವೈರಸ್ ಸಾಯುತ್ತದೆ, ಪ್ರೋಟೀನು ಉಳಿಯುತ್ತದೆ. ಆಮೇಲೆ ಆ ಡಿಟರ್ಜೆಂಟನ್ನು ತೊಳೆದು ತೆಗೆಯುತ್ತಾರೆ. ಈ ಹಂತ ಬಂದ ಮೇಲೆ ಫ್ಯಾಕ್ಟರಿನಿಂದ ಈ ಮೂರು ಸೋಂಕು ಹರಡುವ ಭಯ ಹೆಚ್ಚೂಕಡಿಮೆ ಹೋಯಿತು.

ಹೊದಿಕೆಯಿಲ್ಲದ ಹೆಪಟೈಟಿಸ್ ಎ ಮತ್ತು ಪಾರ್ವೊ ಬಿ19ಕ್ಕೆ ಸೋಪು ತಗುಲುವುದಿಲ್ಲ. ಅದಕ್ಕೆ ಎರಡನೇ ಕಾವಲು ಬೇಕು. ಫ್ಯಾಕ್ಟರ್ 8ರ ಪುಡಿಯನ್ನು ಎಷ್ಟೋ ಕಂಪನಿಗಳು ಸೀಸೆಯಲ್ಲೇ 80 ಡಿಗ್ರಿಯಲ್ಲಿ 72 ಗಂಟೆ ಕಾಯಿಸುತ್ತವೆ. ಇಮ್ಯುನೋಗ್ಲಾಬ್ಯುಲಿನ್ನನ್ನು ಹುಳಿ ದ್ರಾವಣದಲ್ಲಿ ಇಟ್ಟು, 20 ನ್ಯಾನೋಮೀಟರ್ ರಂಧ್ರದ ಜರಡಿಯಲ್ಲಿ ಸೋಸುತ್ತಾರೆ. ಪಾರ್ವೊ ವೈರಸ್ಸೇ ಅಷ್ಟು ಚಿಕ್ಕದಿರುವುದರಿಂದ ಈ ಮೂಲೆ ಇನ್ನೂ ಪೂರ್ತಿ ಮುಚ್ಚಿಲ್ಲ. ಅಲ್ಲಿಯೂ ಮೊದಲ ಕಾವಲು ದಾನಿಯೇ. ದಾನ ಮಾಡಿ ಎರಡು ವಾರದೊಳಗೆ ಜ್ವರ, ಕಣ್ಣು ಹಳದಿ, ಮೈಮೇಲೆ ದದ್ದು ಬಂದರೆ ಬ್ಯಾಗ್ ನಂಬರಿರುವ ಚೀಟಿ ಹಿಡಿದು ರಕ್ತನಿಧಿಗೆ ಫೋನು ಮಾಡಿ. ಪ್ಲಾಸ್ಮಾ ತೊಟ್ಟಿಗೆ ಬೀಳುವ ಮುಂಚೆ ಸಾಕಷ್ಟು ದಿನ ಫ್ರೀಜರಿನಲ್ಲಿ ಕಾಯುತ್ತಿರುತ್ತದೆ. ನಿಮ್ಮದೊಂದು ಬ್ಯಾಗನ್ನು ಹುಡುಕಿ ಹೊರಗಿಡುವುದು ಆಗ ಸುಲಭ.

ಲೆಕ್ಕ: ಇಬ್ಬರು ಹುಡುಗರು

ಒಬ್ಬ ಹುಡುಗ 25 ಕಿಲೋ. ಹುಟ್ಟಿನಿಂದಲೇ ಅವನ ಮೈ ಪ್ರತಿಕಾಯ ತಯಾರಿಸುವುದಿಲ್ಲ. ವೈದ್ಯರು ಪ್ರತಿ 4 ವಾರಕ್ಕೆ ಕಿಲೋಗೆ 0.4 ಗ್ರಾಂ ಎಂದಿದ್ದಾರೆ, ಅಂದರೆ ಒಂದು ಸಲಕ್ಕೆ 10 ಗ್ರಾಂ. ಒಂದು ಲೀಟರ್ ಪ್ಲಾಸ್ಮಾದಿಂದ ಕೊನೆಗೆ ಸೀಸೆಗೆ ಬರುವ ಇಮ್ಯುನೋಗ್ಲಾಬ್ಯುಲಿನ್ ಸುಮಾರು 4 ಗ್ರಾಂ. ಹಾಗಾದರೆ ಒಂದು ಸಲಕ್ಕೆ ಎರಡೂವರೆ ಲೀಟರು, ಹನ್ನೆರಡು ಹದಿಮೂರು ದಾನಿಗಳು. ವರ್ಷಕ್ಕೆ 13 ಸಲ, 130 ಗ್ರಾಂ, 32 ಲೀಟರಿಗೂ ಮೇಲೆ. ಅವನೊಬ್ಬನಿಗೆ ವರ್ಷಕ್ಕೆ ನೂರಾ ಅರವತ್ತಕ್ಕೂ ಹೆಚ್ಚು ಬ್ಯಾಗು ಬೇಕು. ಈ ಪ್ರತಿಕಾಯದ ಅರ್ಧ ಮೂರು ವಾರದಲ್ಲಿ ಮೈಯಿಂದ ಹೋಗಿರುತ್ತದೆ, ಅದಕ್ಕೇ ನಿಲ್ಲಿಸುವಂತಿಲ್ಲ.

ಎರಡನೆಯವನಿಗೆ ತೀವ್ರ ಹಿಮೋಫಿಲಿಯಾ ಎ, 30 ಕಿಲೋ. ಮೊಣಕಾಲಿನೊಳಗೆ ರಕ್ತ ಸೋರಿ ಊದಿಕೊಂಡಿದೆ. ಫ್ಯಾಕ್ಟರನ್ನು ಮಾಮೂಲಿ ಮಟ್ಟದ ಶೇಕಡ 40ಕ್ಕೆ ಏರಿಸಬೇಕು. ಕಿಲೋಗೆ 1 ಯೂನಿಟ್ ಕೊಟ್ಟರೆ ಶೇಕಡ 2 ಏರುತ್ತದೆ. ಹಾಗಾಗಿ 30ನ್ನು 40ರಿಂದ ಗುಣಿಸಿ ಅರ್ಧ ಮಾಡಿದರೆ 600 ಯೂನಿಟ್. ಸೀಸೆಗಳು 250, 500ರ ಅಳತೆಯಲ್ಲಿ ಬರುವುದರಿಂದ ಒಂದೊಂದು ಸೇರಿಸಿ 750 ಕೊಡುತ್ತಾರೆ, ಮಿಕ್ಕದ್ದನ್ನು ಚೆಲ್ಲುವುದಿಲ್ಲ.

ಒಂದು ಲೀಟರ್ ಒಳ್ಳೆಯ ಪ್ಲಾಸ್ಮಾದಲ್ಲಿ ಫ್ಯಾಕ್ಟರ್ 8 ಸುಮಾರು 1000 ಯೂನಿಟ್ ಇರುತ್ತದೆ. ಅಷ್ಟೂ ಹಂತ ದಾಟಿ ಸೀಸೆಗೆ ಬರುವುದು ಸುಮಾರು 180 ಮಾತ್ರ. ಹಾಗಾಗಿ ಆ 750ಕ್ಕೆ ನಾಲ್ಕು ಲೀಟರಿಗಿಂತ ಹೆಚ್ಚು, ಅಂದರೆ ಇಪ್ಪತ್ತಕ್ಕೂ ಮೇಲೆ ದಾನಿಗಳು. ಸಿಲ್ಕ್ ಬೋರ್ಡಿನಲ್ಲಿ ನಿಂತಿದ್ದ 38 ಬ್ಯಾಗು ಎಂದರೆ ಇಂಥ ಒಂದು ಮೊಣಕಾಲಿಗೆ ಸಾಕಾಗಿ ಇನ್ನೊಂದಕ್ಕೂ ಹೆಚ್ಚೂಕಡಿಮೆ ಆಗುತ್ತಿತ್ತು.

ಸೀಸೆ ಮನೆಗೆ ಬಂದಾಗ

ಐವಿಐಜಿ ಸೀಸೆಯನ್ನು ಫ್ರಿಜ್ಜಿನಿಂದ ತೆಗೆದು ಕೋಣೆಯ ತಾಪಮಾನಕ್ಕೆ ಬರಲು ಬಿಡಬೇಕು. ಕುಲುಕಬಾರದು, ಕುಲುಕಿದರೆ ನೊರೆ ಬಂದು ಅಣುಗಳು ಗುಂಪುಗಟ್ಟುತ್ತವೆ. ಮಬ್ಬಾಗಿದ್ದರೆ, ಎಳೆ ತೇಲುತ್ತಿದ್ದರೆ ಹಾಕಿಸಿಕೊಳ್ಳಬೇಡಿ. ಮೊದಲ ಅರ್ಧ ಗಂಟೆ ಬಹಳ ನಿಧಾನವಾಗಿ ಹರಿಸಬೇಕು. ತಲೆನೋವು, ಚಳಿ, ಬೆನ್ನುನೋವು ಬಂದರೆ ವೇಗ ತಗ್ಗಿಸಿ ಎಂದು ಸಿಸ್ಟರಿಗೆ ಹೇಳಿ, ಬಹುಪಾಲು ಅಷ್ಟರಲ್ಲೇ ಸರಿಹೋಗುತ್ತದೆ. ದೊಡ್ಡ ಡೋಸ್ ಪಡೆದ ಎ, ಬಿ, ಎಬಿ ಗುಂಪಿನವರು ಮುಂದಿನ ಕೆಲವು ದಿನ ಮೂತ್ರದ ಬಣ್ಣ ನೋಡುತ್ತಿರಬೇಕು. ತೊಟ್ಟಿಯಲ್ಲಿ ಓ ಗುಂಪಿನವರ ಪ್ರತಿಕಾಯವೂ ಬೆರೆತಿರುತ್ತದೆ, ಅದು ಕೆಂಪು ಕಣ ಒಡೆಯಬಹುದು. ಮೂತ್ರ ಕಪ್ಪು ಟೀ ಬಣ್ಣಕ್ಕೆ ತಿರುಗಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಒಬ್ಬ ತಾಯಿ ಒಮ್ಮೆ ಅಳುತ್ತಾ ನಮ್ಮಲ್ಲಿಗೆ ಬಂದಿದ್ದರು. ಐವಿಐಜಿ ಪಡೆದ ಮೂರನೇ ವಾರ ಮಗನಿಗೆ ಎಲ್ಲೋ ಮಾಡಿಸಿದ ಹೆಪಟೈಟಿಸ್ ಬಿ ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಬಂದಿತ್ತು, "ಔಷಧದಿಂದಲೇ ಬಂತು ಅಕ್ಕಾ" ಎಂದರು. ವೈರಸ್ಸನ್ನೇ ಹುಡುಕುವ ಪರೀಕ್ಷೆ ಮಾಡಿಸಿದಾಗ ನೆಗೆಟಿವ್. ಸೀಸೆಯಲ್ಲಿ ದಾನಿಗಳ ಪ್ರತಿಕಾಯಗಳೇ ಇರುವುದರಿಂದ ಪ್ರತಿಕಾಯ ಹುಡುಕುವ ಯಾವ ಪರೀಕ್ಷೆಯೂ ಕೆಲವು ತಿಂಗಳು ಹೀಗೆ ಸುಳ್ಳು ಹೇಳಬಹುದು. ಐವಿಐಜಿ ಪಡೆದಿದ್ದೇವೆ ಎಂದು ಲ್ಯಾಬಿಗೆ ಮೊದಲೇ ಹೇಳಿ. ಕವಾಸಾಕಿ ಕಾಯಿಲೆಗೆ ಐವಿಐಜಿ ಪಡೆದ ಮಗುವಿಗೆ ದಡಾರದಂಥ ಜೀವಂತ ಲಸಿಕೆಯನ್ನು 11 ತಿಂಗಳು ಮುಂದೂಡುವುದೂ ಇದೇ ಕಾರಣಕ್ಕೆ, ಇಲ್ಲವಾದರೆ ಲಸಿಕೆ ನಾಟುವುದಿಲ್ಲ.

ಫ್ಯಾಕ್ಟರ್ ಪುಡಿಗೆ ನೀರು ಹಾಕಿದ ಮೇಲೆ ಸೀಸೆಯನ್ನು ಅಂಗೈಯಲ್ಲಿ ಮೆಲ್ಲಗೆ ಉರುಳಿಸಿ ಕರಗಿಸಿ, ತಡ ಮಾಡದೆ ಕೊಡಿಸಿ. ಎಂದಿನ ಡೋಸಿಗೆ ಎಂದಿನಂತೆ ಊತ ಇಳಿಯದಿದ್ದರೆ ಡೋಸ್ ಹೆಚ್ಚಿಸುತ್ತಾ ಕೂರಬೇಡಿ. ಮೈ ಫ್ಯಾಕ್ಟರಿನ ವಿರುದ್ಧವೇ ಇನ್ಹಿಬಿಟರ್ ಎಂಬ ಪ್ರತಿಕಾಯ ಬೆಳೆಸಿಕೊಂಡಿರಬಹುದು, ಅದಕ್ಕೆ ಬೇರೆಯೇ ರಕ್ತಪರೀಕ್ಷೆ ಇದೆ, ಮಾಡಿಸಿ.

ಪ್ರತಿ ಸೀಸೆಯ ಮೇಲೆ ಬ್ಯಾಚ್ ನಂಬರಿನ ಸ್ಟಿಕ್ಕರ್ ಇರುತ್ತದೆ. ಅದನ್ನು ಕಿತ್ತು ಒಂದು ನೋಟ್‌ಬುಕ್ಕಿಗೆ ಅಂಟಿಸಿ, ಪಕ್ಕದಲ್ಲಿ ತಾರೀಖು, ಡೋಸು, ಏನಾದರೂ ತೊಂದರೆಯಾಗಿದ್ದರೆ ಅದನ್ನೂ ಬರೆದಿಡಿ. ಕಂಪನಿ ಒಂದು ಬ್ಯಾಚನ್ನು ವಾಪಸ್ ಕರೆದರೆ ಆ ನಂಬರಿನಿಂದ ತೊಟ್ಟಿ ಯಾವುದು, ಆ ತೊಟ್ಟಿಗೆ ಬಿದ್ದ ಬ್ಯಾಗುಗಳು ಯಾವುವು ಎಂದು ಹಿಂದಕ್ಕೆ ಹುಡುಕುತ್ತಾ ನಮ್ಮ ರೂಮಿನ ರಿಜಿಸ್ಟರಿನ ಸಾಲಿನವರೆಗೂ ಬರಬಹುದು.